ಅತಿಥಿ ಪರಿಚಯಕ್ಕೆ ಎರಡೇ ನಿಮಿಷ, ಬಯೋಡಾಟಾ ಒಂಬತ್ತು ಪುಟ: ಎಂತ ಇಡುವುದು, ಎಂತ ಬಿಡುವುದು?

ಕಡಿಯಾಳಿ ಟೀಚರ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ನಮ್ಮ ಕಾಲೇಜಿನ ವಿಜ್ಞಾನ ಸಂಘದಲ್ಲಿ ಕಡಲ್ಕೊರೆತದ ಬಗ್ಗೆ ಒಂದು ಉಪನ್ಯಾಸ ಉಂಟು. ಮಾತಾಡುವವರು ಹೆಜಮಾಡಿ ಮೂಲದವರು, ಪುಣೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಊರಿಗೆ ಬಂದ ಎಂಜಿನಿಯರ್. ಹೆಸರು ಇಲ್ಲಿ ಹಾಕುವುದಿಲ್ಲ. ಅವರ ಪರಿಚಯ ಮಾಡುವ ಕೆಲಸ ನನ್ನ ತಲೆಗೆ ಬಂದಿದೆ. ಪ್ರಿನ್ಸಿಪಾಲರು "ಎರಡು ನಿಮಿಷ, ಅದಕ್ಕಿಂತ ಒಂದು ಸೆಕೆಂಡೂ ಹೆಚ್ಚು ಬೇಡ" ಎಂದಿದ್ದಾರೆ. ಅತಿಥಿಗಳು ಕಳಿಸಿದ ಬಯೋಡಾಟಾ ಒಂಬತ್ತು ಪುಟ, ಇಂಗ್ಲಿಷಿನಲ್ಲಿ. ಅದರಲ್ಲಿ ನಾಲ್ಕು ಪುಟ ಬರೀ ಪ್ರಬಂಧಗಳ ಪಟ್ಟಿ.

ಕೇಳಲಿಕ್ಕೆ ಬರುವವರು ಬಿಎಸ್ಸಿ ಮಕ್ಕಳು, ಜೊತೆಗೆ ಊರಿನ ಕೆಲವು ಹಿರಿಯರು. ನಾನು ಬರೆದದ್ದು ಹೀಗೆ ಶುರುವಾಗುತ್ತದೆ:

"ಕಡಲ ಅಲೆಗಳ ಜೋಗುಳ ಕೇಳುತ್ತಾ ಬೆಳೆದ, ಬಹುಮುಖ ಪ್ರತಿಭೆಯ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಡಾ. … ಅವರು 1983ರಲ್ಲಿ ಎನ್‌ಐಟಿಕೆಯಿಂದ ಬಿಇ ಪದವಿ ಪಡೆದು, ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗ ಮಾಡಿ, ಖಡಕ್ವಾಸ್ಲಾದಲ್ಲಿ ಮೂರು ದಶಕ ಸೇವೆ ಸಲ್ಲಿಸಿ, ಅರುವತ್ತಕ್ಕೂ ಹೆಚ್ಚು ಸಂಶೋಧನಾ ಪ್ರಬಂಧ ಪ್ರಕಟಿಸಿ, ರಾಷ್ಟ್ರಪ್ರಶಸ್ತಿಗೆ ಭಾಜನರಾಗಿ…"

ಇದು ಮೊದಲನೇ ಪ್ಯಾರಾ ಮಾತ್ರ. ಇನ್ನೂ ನಾಲ್ಕು ಉಂಟು. ಎಲ್ಲಿ ಕತ್ತರಿ ಹಾಕಲಿ?

ಮಲ್ಪೆ ಬಂದರು

"ಅಲೆಗಳ ಜೋಗುಳ" ಮೊದಲು ಹೋಗ್ಲಿ ಟೀಚರೇ. ಮಳೆಗಾಲದಲ್ಲಿ ಒಂದು ರಾತ್ರಿ ಇಲ್ಲಿ ಬಂದು ಮಲಗಿ, ಜೋಗುಳ ಗೊತ್ತಾಗ್ತದೆ.

ಕುಂದಾಪ್ರ ಹುಡ್ಗ

"ಸರಳ ಸಜ್ಜನಿಕೆಯ ಸಾಕಾರಮೂರ್ತಿ" ಅಂದ್ರೆ ಎಂತದೂ ಗೊತ್ತಿಲ್ಲೆ ಅಂತ ಲೆಕ್ಕ ಮರ್ರೆ. ನಮ್ ಬದಿಯಂಗೆ ಎಲ್ಲಾ ಅತಿಥಿಗೂ ಅದೇ ಹೇಳೂದ್.

ಸಂಘದ ಕಾರ್ಯದರ್ಶಿ

ನನ್ನ ಅಭಿಪ್ರಾಯ ಬೇರೆ. ಇಪ್ಪತ್ತು ವರ್ಷದಿಂದ ಸಂಘ ನಡೆಸುತ್ತಿದ್ದೇನೆ. ಅತಿಥಿಗಳು ಸಂಭಾವನೆ ಇಲ್ಲದೆ ಬರುತ್ತಾರೆ. ನಾವು ಕೊಡುವುದು ಒಂದು ಶಾಲು, ಒಂದು ಸ್ಮರಣಿಕೆ, ಒಂದು ಬುಟ್ಟಿ ಹಣ್ಣು. ಅವರ ಸಾಧನೆಯನ್ನು ನಾಲ್ಕು ಜನರ ಮುಂದೆ ಪೂರ್ತಿ ಹೇಳುವುದೇ ನಿಜವಾದ ಗೌರವ. ಒಂದು ಪ್ರಶಸ್ತಿ ಬಿಟ್ಟರೆ ಮನಸ್ಸಿಗೆ ನೋವಾಗುತ್ತದೆ, ನೋಡಿದ್ದೇನೆ. ಐದು ನಿಮಿಷವಾದರೂ ಬೇಕು. ಪ್ರಿನ್ಸಿಪಾಲರ ಹತ್ತಿರ ಕೇಳಿ ನೋಡಿ.

ನಿರೂಪಕಿ ಸುರತ್ಕಲ್

ಸರ್, ಐದು ನಿಮಿಷ ನೀವು ಪರಿಚಯ ಮಾಡಿದ್ರೆ ಸ್ಟೇಜಲ್ಲಿ ಕೂತ ಅತಿಥಿಗಳು ಆ ಐದು ನಿಮಿಷ ಎಲ್ಲಿ ನೋಡ್ಬೇಕು ಅಂತ ಗೊತ್ತಾಗದೆ ನೀರಿನ ಬಾಟ್ಲಿಯ ಲೇಬಲ್ ಓದ್ತಾರೆ. ನಾನು ಪಕ್ಕದಲ್ಲೇ ನಿಂತು ನೋಡ್ತೇನಲ್ಲ.

ಹಳೇ ಅನೌನ್ಸರ್

ಟೀಚರ್, ಕತ್ತರಿ ಆಮೇಲೆ ಹಾಕುವ. ಮೊದಲು ನಿಮ್ಮ ಆ ಒಂದು ಪ್ಯಾರಾದಲ್ಲಿ ಎಷ್ಟು ವಿಷಯ ನಿಮಗೆ ಖಾತ್ರಿ ಉಂಟು? ನಾನು ಓದಿದಾಗ ಐದು ಕಡೆ ಮುಳ್ಳು ಚುಚ್ಚಿತು. "ಡಾ.", "ಎನ್‌ಐಟಿಕೆ", "ಡೆಲ್ಫ್ಟ್ ವಿಶ್ವವಿದ್ಯಾಲಯ", "ಅರುವತ್ತಕ್ಕೂ ಹೆಚ್ಚು", "ರಾಷ್ಟ್ರಪ್ರಶಸ್ತಿ". ಐದೂ ಸರಿ ಇರಬಹುದು. ಆದರೆ ಪರಿಚಯದಲ್ಲಿ ತಪ್ಪಾಗುವುದು ಯಾವಾಗಲೂ ಇಂಥ ಜಾಗದಲ್ಲೇ.

ಒಂದೊಂದೇ ಹೇಳುತ್ತೇನೆ. ಸುರತ್ಕಲ್ಲಿನ ಕಾಲೇಜು 1960ರಲ್ಲಿ ಶುರುವಾದದ್ದು ಕೆಆರ್‌ಇಸಿ ಎಂಬ ಹೆಸರಲ್ಲಿ. ಎನ್‌ಐಟಿ ಆದದ್ದು 2002ರಲ್ಲಿ. 1983ರಲ್ಲಿ ಯಾರೂ ಎನ್‌ಐಟಿಕೆಯಿಂದ ಪಾಸಾಗಲಿಲ್ಲ. ಸಭೆಯಲ್ಲಿ ಅವರ ಬ್ಯಾಚಿನವರು ಒಬ್ಬರಾದರೂ ಇರುತ್ತಾರೆ, ನಿಮ್ಮ ಮಾತು ಮುಗಿಯುವ ಮೊದಲೇ ಪಕ್ಕದವರ ಕಿವಿಯಲ್ಲಿ ಹೇಳಿರುತ್ತಾರೆ.

ಡೆಲ್ಫ್ಟ್ ಎನ್ನುವುದು ನೆದರ್ಲ್ಯಾಂಡ್ಸಿನ ಒಂದು ಊರು. ಅಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ಒಂದುಂಟು, ಅದಲ್ಲದೆ ಐಎಚ್‌ಇ ಎಂಬ ಬೇರೆಯೇ ಸಂಸ್ಥೆ ಉಂಟು. ನೀರು, ಬಂದರು, ಕರಾವಳಿ ವಿಷಯದಲ್ಲಿ ನಮ್ಮಂಥ ದೇಶಗಳ ಎಂಜಿನಿಯರುಗಳು ತರಬೇತಿಗೆ, ಡಿಪ್ಲೊಮಾಕ್ಕೆ ಹೋಗುವುದು ಹೆಚ್ಚಾಗಿ ಆ ಎರಡನೆಯದಕ್ಕೆ. "ಡೆಲ್ಫ್ಟಲ್ಲಿ ಓದಿದ್ದೇನೆ" ಎಂದು ಅವರು ಹೇಳಿದ್ದನ್ನು ನಾವು ವಿಶ್ವವಿದ್ಯಾಲಯ ಮಾಡಿಬಿಡುತ್ತೇವೆ.

ಬಯೋಡಾಟಾ ಯಾವ ವರ್ಷದ್ದು ಎಂದು ಕೊನೇ ಪುಟದಲ್ಲಿ ನೋಡಿ. ಆಮೇಲೆ ಅವರಿಗೇ ಒಂದು ಫೋನ್ ಮಾಡಿ.

ಕಡಿಯಾಳಿ ಟೀಚರ್

ಕೊನೇ ಪುಟದಲ್ಲಿ ತಾರೀಕು 2016 ಅಂತ ಉಂಟು! "ಡಾ." ನಾನು ಹಾಕಿದ್ದಲ್ಲ ಸರ್, ಆಮಂತ್ರಣ ಪತ್ರಿಕೆಯಲ್ಲಿ ಹಾಗೆ ಅಚ್ಚಾಗಿದೆ. ಬಯೋಡಾಟಾದಲ್ಲಿ ಹುಡುಕಿದೆ, ಪಿಎಚ್‌ಡಿ ಎಲ್ಲೂ ಕಾಣುವುದಿಲ್ಲ. ಎನ್‌ಐಟಿಕೆ ಅಂತ ಮಾತ್ರ ಅವರೇ ಬರೆದದ್ದು.

ಕೆಆರ್‌ಇಸಿ 87

ಅವರೇ ಬರೆದದ್ದಾದ್ರೆ ಬಿಡಿ ಮಾರಾಯ್ರೆ. ನಾವೂ ಹಾಗೇ ಬರೆಯುವುದು. ಈಗಿನ ಮಕ್ಕಳಿಗೆ ಕೆಆರ್‌ಇಸಿ ಅಂದ್ರೆ ಯಾವ್ದೋ ಕೋಆಪರೇಟಿವ್ ಸೊಸೈಟಿ ಅನ್ನಿಸ್ತದೆ. ನನ್ನ ಮಗನಿಗೇ ಗೊತ್ತಿರಲಿಲ್ಲ.

ಹಳೇ ಅನೌನ್ಸರ್

ಕಾಗದದಲ್ಲಿ ಬರೆಯುವುದು ಬೇರೆ, ಸಭೆಯಲ್ಲಿ ಹೇಳುವುದು ಬೇರೆ. "ಸುರತ್ಕಲ್ಲಿನ ಕೆಆರ್‌ಇಸಿ, ಅಂದರೆ ಈಗಿನ ಎನ್‌ಐಟಿಕೆ" ಎಂದರೆ ಮಕ್ಕಳಿಗೂ ಅರ್ಥವಾಗುತ್ತದೆ, ನಿಮ್ಮ ಬ್ಯಾಚಿನವರಿಗೂ ಖುಷಿ. ಎರಡು ಪದ ಹೆಚ್ಚು ಅಷ್ಟೆ.

ಬ್ಯಾಂಕ್ ಮಾಮ

ಈ "ಈಗಿನ" ಎಂಬ ಮಾತು ಬಹಳ ಮುಖ್ಯ. ನಾನು ಸಿಂಡಿಕೇಟ್ ಬ್ಯಾಂಕಿನಿಂದ ನಿವೃತ್ತನಾದವ. ಮಣಿಪಾಲದ ಹೆಡ್ಡಾಫೀಸಲ್ಲೇ ಹೆಚ್ಚಿನ ಸರ್ವಿಸು. 2020ರ ಏಪ್ರಿಲಿನಲ್ಲಿ ಅದು ಕೆನರಾ ಬ್ಯಾಂಕಲ್ಲಿ ವಿಲೀನ ಆಯ್ತಲ್ಲ, ನಾನು ಅದಕ್ಕಿಂತ ಎಷ್ಟೋ ಮೊದಲೇ ಹೊರಗೆ ಬಂದಿದ್ದೆ. ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನನ್ನು "ಕೆನರಾ ಬ್ಯಾಂಕಿನ ನಿವೃತ್ತ ಅಧಿಕಾರಿ" ಎಂದು ಪರಿಚಯಿಸಿದರು. ಕೆನರಾ ಬ್ಯಾಂಕಿನ ಕುರ್ಚಿಯಲ್ಲಿ ನಾನು ಒಂದು ದಿನ ಕೂತವನಲ್ಲ! ಎದುರಿನ ಸಾಲಲ್ಲಿ ಹಳೇ ಸಹೋದ್ಯೋಗಿಗಳು ಮುಸಿಮುಸಿ ನಗುತ್ತಿದ್ದರು. ಭಾಷಣದಲ್ಲಿ ತಿದ್ದುಪಡಿ ಹೇಳಿದರೆ ಹುಡುಗಿಗೆ ಬೇಜಾರು, ಹೇಳದಿದ್ದರೆ ನನಗೆ ಬೇಜಾರು. ಹೇಳಲಿಲ್ಲ. ಅದೇ ವಿಷಯ ಸ್ಥಳೀಯ ಪತ್ರಿಕೆಯಲ್ಲೂ ಹಾಗೇ ಬಂತು.

ಕಾರ್ಪೊರೇಷನ್ ಬ್ಯಾಂಕಿನವರದ್ದೂ ವಿಜಯಾ ಬ್ಯಾಂಕಿನವರದ್ದೂ ಇದೇ ಕಥೆ. ನಮ್ಮ ಜಿಲ್ಲೆಯಲ್ಲಿ ಬ್ಯಾಂಕಿನ ನಿವೃತ್ತರೇ ಅರ್ಧ ಅತಿಥಿಗಳು, ಹಾಗಾಗಿ ಹೇಳಿದೆ.

ಪುತ್ತೂರು ಮಾವ

ನನಗೂ ಒಂದು ಬೇಕಿತ್ತು. ನಮ್ಮ ಭಾವ ಹೈಸ್ಕೂಲಿನಿಂದ ರಿಟೈರ್ ಆಗುವುದು ಈ ತಿಂಗಳು ಕೊನೆಗೆ. ಸನ್ಮಾನ ಪತ್ರಕ್ಕೆ ಪದ್ಯದ ರೂಪದಲ್ಲಿ ಎಂಟು ಸಾಲು ಯಾರಾದರೂ ಬರೆದುಕೊಡುವಿರಾ? ಫ್ರೇಮ್ ಹಾಕಿಸಲಿಕ್ಕುಂಟು.

ನಿರೂಪಕಿ ಸುರತ್ಕಲ್

ಮಾವ, ಅದು ಬೇರೆ ಇದು ಬೇರೆ. ಸನ್ಮಾನ ಪತ್ರದಲ್ಲಿ ಹೊಗಳ್ಬಹುದು, ಅದು ಇರೋದೇ ಹೊಗಳ್ಲಿಕ್ಕೆ. ಇಲ್ಲಿ ಟೀಚರ್ ಕೇಳಿದ್ದು ಉಪನ್ಯಾಸದ ಮುಂಚೆ ಮಾಡುವ ಪರಿಚಯ. ಆ ಎರಡೂ ಕಲಸಿದ್ದರಿಂದಲೇ ನಮ್ಮಲ್ಲಿ ಪರಿಚಯ ಇಷ್ಟು ಉದ್ದ ಆಗೋದು.

ಹಳೇ ಅನೌನ್ಸರ್

ಸುರತ್ಕಲ್ಲಿನವರು ಹೇಳಿದ್ದು ಸರಿಯಾದ ಮಾತು. ಸನ್ಮಾನದಲ್ಲಿ ಆ ವ್ಯಕ್ತಿಯೇ ವಿಷಯ. ಉಪನ್ಯಾಸದಲ್ಲಿ ವಿಷಯ ಕಡಲ್ಕೊರೆತ. ಜನ ಕೂತಿರುವುದು ಅದಕ್ಕಾಗಿ. ಅವರ ಮನಸ್ಸಲ್ಲಿ ಇರುವ ಪ್ರಶ್ನೆ ಒಂದೇ: ಈ ವಿಷಯದಲ್ಲಿ ಇವರ ಮಾತು ನಾವು ಯಾಕೆ ಕೇಳಬೇಕು? ಬಯೋಡಾಟಾದ ಒಂಬತ್ತು ಪುಟದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವ ಸಾಲು ನಾಲ್ಕೋ ಐದೋ ಇರುತ್ತದೆ. ಅಷ್ಟು ಹೇಳಿ. ಅವರು ರೋಟರಿಯಲ್ಲಿ ಎಂತ ಆಗಿದ್ದರು, ಭಜನಾ ಮಂಡಳಿಗೆ ಎಷ್ಟು ಕೊಟ್ಟರು ಎನ್ನುವುದು ಒಳ್ಳೆಯ ವಿಷಯವೇ. ಈ ಸಭೆಗೆ ಸಂಬಂಧ ಇಲ್ಲ.

ಸಂಘದ ಕಾರ್ಯದರ್ಶಿ

ಕಾಲೇಜಿಗೆ ಸರಿ ಇರಬಹುದು. ಊರಿನ ಸಂಘದಲ್ಲಿ ಭಜನಾ ಮಂಡಳಿಯ ವಿಷಯವೇ ಜನಕ್ಕೆ ಹತ್ತಿರ. ಖಡಕ್ವಾಸ್ಲಾ ಎಂದರೆ ಯಾರಿಗೆ ಗೊತ್ತು?

ಮಲ್ಪೆ ಬಂದರು

ಖಡಕ್ವಾಸ್ಲಾ ಅಂದ್ರೆ ಮಿಲಿಟರಿಯವರ ಟ್ರೈನಿಂಗ್ ಅಲ್ವಾ? ನಮ್ಮ ಪಕ್ಕದ್ಮನೆ ಹುಡುಗ ಅಲ್ಲಿಗೆ ಹೋಗಿದ್ದ. ಇವರು ಸೈನ್ಯದಲ್ಲಿದ್ರಾ?

ಹಳೇ ಅನೌನ್ಸರ್

ನೋಡಿ, ಕಾರ್ಯದರ್ಶಿಗಳು ಹೇಳಿದ್ದರಲ್ಲಿ ಅರ್ಧ ಸತ್ಯ ಉಂಟು. ಬರೀ "ಖಡಕ್ವಾಸ್ಲಾದಲ್ಲಿ ಸೇವೆ" ಎಂದರೆ ಮಲ್ಪೆಯವರ ಹಾಗೆ ಸಭೆಯ ಅರ್ಧ ಜನ ಸೈನ್ಯ ಎಂದುಕೊಳ್ಳುತ್ತಾರೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇರುವುದೂ ಅಲ್ಲೇ. ಇವರು ಇದ್ದದ್ದು ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಇರಬೇಕು. 1916ರಿಂದ ಇರುವ ಸಂಸ್ಥೆ. ಆದರೆ ಆ ಉದ್ದ ಹೆಸರು ಹೇಳಿದರೂ ಮಕ್ಕಳಿಗೆ ಎಂತದೂ ಕಾಣುವುದಿಲ್ಲ. ಅಲ್ಲಿ ಮಾಡುವ ಕೆಲಸ ಹೇಳಬೇಕು. ಒಂದು ಬಂದರು ಕಟ್ಟುವ ಮೊದಲು ಅದರ ಸಣ್ಣ ಮಾದರಿಯನ್ನು ದೊಡ್ಡ ಶೆಡ್ಡಿನ ಒಳಗೆ ಸಿಮೆಂಟಲ್ಲಿ ಕಟ್ಟುತ್ತಾರೆ, ನೀರು ತುಂಬಿಸುತ್ತಾರೆ, ಯಂತ್ರದಿಂದ ಅಲೆ ಎಬ್ಬಿಸುತ್ತಾರೆ, ತಡೆಗೋಡೆಯ ಹಿಂದೆ ನೀರು ಎಷ್ಟು ಶಾಂತ ಇರುತ್ತದೆ ಎಂದು ಅಳೆಯುತ್ತಾರೆ. ಇದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಬಿಎಸ್ಸಿ ಹುಡುಗ ಮೊಬೈಲ್ ಕೆಳಗಿಡುತ್ತಾನೆ.

ಅವರು ಆ ವಿಭಾಗದಲ್ಲೇ ಇದ್ದರಾ ಎಂದು ಮಾತ್ರ ಕೇಳಿಕೊಳ್ಳಿ. ಆ ಸಂಸ್ಥೆಯಲ್ಲಿ ಅಣೆಕಟ್ಟಿನ ಕೆಲಸ ಮಾಡುವವರೂ ಇದ್ದಾರೆ.

ಉಳ್ಳಾಲದವ

ಪರಿಚಯದ ಕಥೆ ಇರಲಿ. ಆ ಜನಕ್ಕೆ ನನ್ನ ಕಡೆಯಿಂದ ಒಂದು ಪ್ರಶ್ನೆ ಕೇಳಿ. ಅಳಿವೆಬಾಗಿಲಲ್ಲಿ ಕಲ್ಲಿನ ಗೋಡೆ ಕಟ್ಟಿದ ಮೇಲೆ ನಮ್ಮ ಬದಿಯ ಮರಳು ಎಲ್ಲಿ ಹೋಯ್ತು? ಪ್ರತೀ ಮಳೆಗಾಲಕ್ಕೆ ಲಾರಿಯಲ್ಲಿ ಕಲ್ಲು ತಂದು ಸುರಿಯುತ್ತಾರೆ, ಕಡಲು ಅದನ್ನೂ ನುಂಗುತ್ತದೆ. ಕಲ್ಲು ಮುಗಿದ ಜಾಗದಿಂದ ಆಚೆಗೆ ಮತ್ತೂ ಹೆಚ್ಚು ಕೊರೆಯುತ್ತದೆ. ನಮ್ಮ ಅಜ್ಜನ ತೆಂಗಿನ ತೋಟದಲ್ಲಿ ಈಗ ಬೋಟು ಹೋಗುತ್ತದೆ.

ಮಲ್ಪೆ ಬಂದರು

ಗೋಡೆ ಇಲ್ಲದಿದ್ರೆ ಅಳಿವೆಬಾಗಿಲಲ್ಲಿ ಬೋಟು ಮಗುಚುವುದು ಯಾರದ್ದು ಮಾರಾಯ್ರೆ? ನಮಗೆ ಒಳಗೆ ಬರ್ಲಿಕ್ಕೆ ದಾರಿ ಬೇಡ್ವಾ?

ಉಳ್ಳಾಲದವ

ದಾರಿ ಬೇಡ ಅಂತ ಯಾರು ಹೇಳಿದ್ದು? ಮನೆ ಯಾರದ್ದು ಹೋಗುವುದು ಅಂತ ಕೇಳಿದೆ.

ಹಳೇ ಅನೌನ್ಸರ್

ಈ ಜಗಳ ಶನಿವಾರ ಪ್ರಶ್ನೋತ್ತರಕ್ಕೆ ಇಡಿ, ಇಬ್ಬರೂ ಬನ್ನಿ. ಆದರೆ ಟೀಚರ್, ಒಂದು ಲಾಭ ಆಯ್ತು ನೋಡಿ. "ಕಲ್ಲು ಹಾಕಿದರೆ ಕಡಲು ನಿಲ್ಲುತ್ತದಾ" ಎನ್ನುವುದೇ ನಿಮ್ಮ ಮೊದಲ ವಾಕ್ಯ ಆಗಬಹುದು. ಉತ್ತರ ಮಾತ್ರ ನೀವು ಹೇಳಬೇಡಿ. ಪರಿಚಯ ಮಾಡುವವರು ಗೂಗಲ್ ನೋಡಿ ಅರ್ಧ ಉಪನ್ಯಾಸ ತಾವೇ ಮಾಡಿಬಿಡುವುದುಂಟು. ಆಮೇಲೆ ಅತಿಥಿಗಳು "ಈಗಾಗಲೇ ಹೇಳಿದ ಹಾಗೆ" ಎಂದೇ ಶುರು ಮಾಡಬೇಕಾಗುತ್ತದೆ.

ಕುಂದಾಪ್ರ ಹುಡ್ಗ

ಫೋನ್ ಎಂತಕ್ಕೆ ಮಾಡೂದ್? ಗೂಗಲ್ಲಂಗೆ ಹೆಸರು ಹಾಕಿರೆ ಎಲ್ಲಾ ಬತ್ತಿಲ್ಯಾ?

ನಿರೂಪಕಿ ಸುರತ್ಕಲ್

ಬರ್ತದೆ, ಆದ್ರೆ ಯಾರದ್ದು ಬರ್ತದೆ ಅಂತ ಗೊತ್ತಾಗೋದಿಲ್ಲ. ನಮ್ಮ ಕಡೆ ಒಂದೇ ಇನಿಷಿಯಲ್, ಒಂದೇ ಹೆಸರಿನ ಶೆಟ್ರು, ಭಟ್ರು, ಕಾಮತ್ರು ಎಷ್ಟು ಜನ! ಒಂದು ಕಾರ್ಯಕ್ರಮದಲ್ಲಿ ಇತಿಹಾಸದ ಮೇಲೆ ಮಾತಾಡ್ಲಿಕ್ಕೆ ಬಂದವರಿಗೆ ಅದೇ ಹೆಸರಿನ ಮೂಳೆ ಡಾಕ್ಟರ ಸಾಧನೆ ಸೇರಿಸಿ ಓದಿದ್ರು. "ಸಾವಿರಾರು ಶಸ್ತ್ರಚಿಕಿತ್ಸೆ" ಅಂದಾಗ ಅವರ ಹೆಂಡತಿ ಎದುರಿನ ಸಾಲಲ್ಲಿ ಸೆರಗು ಬಾಯಿಗಿಟ್ಟು ನಗ್ತಾ ಇದ್ರು.

ಸಂಘದ ಕಾರ್ಯದರ್ಶಿ

ಪ್ರಸಿದ್ಧರಾದರೆ ಆ ಸಮಸ್ಯೆ ಇಲ್ಲ. ನಮ್ಮ ಕಾರಂತಜ್ಜನ ಬಗ್ಗೆ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇನೆ. ಜ್ಞಾನಪೀಠ, ಕಾದಂಬರಿಗೆ ಸಾಹಿತ್ಯ ಅಕಾಡೆಮಿ, ಪದ್ಮಭೂಷಣ ವಾಪಸ್.

ಹಳೇ ಅನೌನ್ಸರ್

ನಿದ್ದೆಯಲ್ಲೇ ಹೇಳಿದ ಹಾಗಾಯ್ತು ಕಾರ್ಯದರ್ಶಿಗಳೇ, ಬೇಜಾರು ಮಾಡಬೇಡಿ. ಕಾರಂತರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1959ರಲ್ಲಿ, ಯಕ್ಷಗಾನದ ಮೇಲಿನ ಪುಸ್ತಕಕ್ಕೆ. ಕಾದಂಬರಿಗಲ್ಲ. ಜ್ಞಾನಪೀಠ 1977ರದ್ದು. ಕೋಟದ ಕಾರಂತರ ವಿಷಯದಲ್ಲೇ ಹೀಗಾದರೆ ಹೆಜಮಾಡಿಯ ಎಂಜಿನಿಯರರ ವಿಷಯದಲ್ಲಿ ನೆನಪನ್ನೋ ಗೂಗಲನ್ನೋ ನಂಬಲಿಕ್ಕಾಗುತ್ತದಾ?

ಸಂಘದ ಕಾರ್ಯದರ್ಶಿ

ಪರಿಶೀಲಿಸುತ್ತೇನೆ.

ವಕೀಲ್ರು ಬಲ್ಮಠ

ಪ್ರಶಸ್ತಿಯ ಮಾತು ಬಂದದ್ದರಿಂದ ಒಂದು ವಿಷಯ. "ಪದ್ಮಶ್ರೀ ಡಾ. ಇಂಥವರು" ಎಂದು ಹೆಸರಿನ ಮುಂದೆ ಹಾಕುವುದು ಅಪರಾಧ. ದಂಡ ಬೀಳುತ್ತದೆ. ನಮ್ಮ ಜಿಲ್ಲೆಯ ಎಲ್ಲಾ ಫ್ಲೆಕ್ಸ್‌ಗಳಲ್ಲೂ ಇದೇ ತಪ್ಪು.

ಹಳೇ ಅನೌನ್ಸರ್

ವಕೀಲರೇ, ಹಾಕಬಾರದು ಎನ್ನುವುದು ಸರಿ. ದಂಡ ಎಲ್ಲಿಂದ ಬಂತು? 1995ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಭಾರತ ರತ್ನ ಮತ್ತು ಪದ್ಮ ಪ್ರಶಸ್ತಿಗಳು ಸಂವಿಧಾನದ 18ನೇ ವಿಧಿ ನಿಷೇಧಿಸಿದ ಬಿರುದುಗಳಲ್ಲ, ಆದರೆ ಹೆಸರಿನ ಹಿಂದೆ ಮುಂದೆ ಅಂಟಿಸಿಕೊಳ್ಳಬಾರದು, ಅಂಟಿಸಿಕೊಂಡರೆ ಪ್ರಶಸ್ತಿಯನ್ನೇ ಹಿಂದಕ್ಕೆ ಪಡೆಯುವ ಕ್ರಮ ಉಂಟು ಎಂದು. ಫ್ಲೆಕ್ಸ್ ಹಾಕಿದ ಸಂಘಕ್ಕೆ ದಂಡ ಎಂದು ಅದರಲ್ಲಿ ಇಲ್ಲ.

ವಕೀಲ್ರು ಬಲ್ಮಠ

ದಂಡದ ಮಾತು ಹಿಂದೆ ತೆಗೆದುಕೊಂಡೆ. ತೀರ್ಪಿನ ವಿಷಯ ಸರಿ. ಒಂದು ಸೇರಿಸುತ್ತೇನೆ: ವಾಕ್ಯದೊಳಗೆ "2020ರ ಪದ್ಮಶ್ರೀ ಪುರಸ್ಕೃತರು" ಎಂದು ಹೇಳಲು ಅಡ್ಡಿ ಇಲ್ಲ. ಹರೇಕಳದ ಹಾಜಬ್ಬರನ್ನು ಪರಿಚಯಿಸುವವರಿಗೆ ಇಲ್ಲೊಂದು ಗೊಂದಲ ಬರುತ್ತದೆ. ಪ್ರಶಸ್ತಿ 2020ರದ್ದು, ಕೊರೊನಾದಿಂದಾಗಿ ರಾಷ್ಟ್ರಪತಿ ಭವನದಲ್ಲಿ ಪ್ರದಾನ ಆದದ್ದು 2021ರ ನವೆಂಬರಿನಲ್ಲಿ. ವರ್ಷ ಹೇಳುವಾಗ 2020 ಎಂದೇ ಹೇಳಬೇಕು.

ಬ್ಯಾಂಕ್ ಮಾಮ

ಗೌರವ ಡಾಕ್ಟರೇಟ್ ಬಂದವರನ್ನು "ಡಾ." ಎನ್ನಬಹುದಾ?

ವಕೀಲ್ರು ಬಲ್ಮಠ

ಹಾಕದಿರುವುದು ಶಿಷ್ಟಾಚಾರ.

ಸಂಘದ ಕಾರ್ಯದರ್ಶಿ

ಹಾಕದಿದ್ದರೆ ಮುಂದಿನ ವರ್ಷ ಅವರು ನಮ್ಮ ಕಾರ್ಯಕ್ರಮಕ್ಕೆ ಬರುವುದಿಲ್ಲ. ಇದು ಶಿಷ್ಟಾಚಾರಕ್ಕಿಂತ ದೊಡ್ಡ ವಿಷಯ. 😀

ಕಡಿಯಾಳಿ ಟೀಚರ್

ಫೋನ್ ಮಾಡಿದೆ! ಹತ್ತು ನಿಮಿಷದ ಮಾತು, ನಿಜವಾಗಿ ಒಳ್ಳೆಯ ಮನುಷ್ಯ. ಅನೌನ್ಸರ್ ಸರ್ ಹೇಳಿದ ಐದನ್ನೂ ಕೇಳಿದೆ.

ಪಿಎಚ್‌ಡಿ ಇಲ್ಲ. "ಎಲ್ಲರೂ ಡಾಕ್ಟರ್ ಅಂತಾರೆ, ಎಷ್ಟು ಜನಕ್ಕೆ ಹೇಳುವುದು" ಎಂದು ನಕ್ಕರು. ಡೆಲ್ಫ್ಟಲ್ಲಿ ಓದಿದ್ದು ಐಎಚ್‌ಇಯಲ್ಲಿ, 1993ರಲ್ಲಿ ಮುಗಿಸಿದ ಸ್ನಾತಕೋತ್ತರ ಡಿಪ್ಲೊಮಾ. ವಿಶ್ವವಿದ್ಯಾಲಯ ಅಲ್ಲ. ಪುಣೆಯ ಕೇಂದ್ರಕ್ಕೆ ಸೇರಿದ್ದು 1985, ನಿವೃತ್ತಿ 2021, ಇಡೀ ಅವಧಿ ಬಂದರು ಮತ್ತು ಕರಾವಳಿಯ ಕೆಲಸದಲ್ಲೇ. ಬಯೋಡಾಟಾದಲ್ಲಿದ್ದ ಹುದ್ದೆ 2016ರದ್ದು, ಆಮೇಲೆ ಬಡ್ತಿ ಆಗಿದೆ. "ಹುದ್ದೆಯ ಹೆಸರು ಬೇಡ, ಹಿರಿಯ ವಿಜ್ಞಾನಿ ಅಂದರೆ ಸಾಕು" ಎಂದರು. ಅರುವತ್ತರಲ್ಲಿ ಹೆಚ್ಚಿನವು ಸಮ್ಮೇಳನದಲ್ಲಿ ಓದಿದವು, ಸಹಲೇಖಕರ ಜೊತೆಗೆ. ರಾಷ್ಟ್ರಪ್ರಶಸ್ತಿ ಎಂದು ನಾನು ಬರೆದದ್ದು ಒಂದು ವೃತ್ತಿ ಸಂಘ ಅವರ ಇಡೀ ತಂಡಕ್ಕೆ ಕೊಟ್ಟ ಬಹುಮಾನವಂತೆ. "ಅದನ್ನು ಹೇಳಿದರೆ ನನ್ನ ತಂಡದವರು ನನ್ನನ್ನು ಬಿಡ್ತಾರಾ" ಎಂದು ಕೇಳಿದರು.

ಒಂಬತ್ತು ಪುಟ ನೋಡಿ ನಾನು ಹೆದರಿದ್ದೆ. ಅವರಿಗೆ ಅದರಲ್ಲಿ ಬೇಕಾದದ್ದು ಎರಡೇ ವಿಷಯ: ಹೆಜಮಾಡಿಯವರು ಎಂದು ಹೇಳಬೇಕು, ಖಡಕ್ವಾಸ್ಲಾದ ಅಲೆಯ ಮಾದರಿಯ ಬಗ್ಗೆ ಹೇಳಬೇಕು.

ನಿರೂಪಕಿ ಸುರತ್ಕಲ್

ಹೆಸರು ಹೇಗೆ ಹೇಳುವುದು ಅಂತ ಕೇಳಿದ್ರಾ? ಇನಿಷಿಯಲ್ ಮುಂದೆಯಾ ಹಿಂದೆಯಾ, ಮನೆತನದ ಹೆಸರು ಸೇರಿಸುವುದಾ ಬಿಡುವುದಾ. ಪುಣೆಯಲ್ಲಿ ಒಂದು ಥರ ಕರೀತಾರೆ, ಊರಲ್ಲಿ ಇನ್ನೊಂದು ಥರ.

ಕಡಿಯಾಳಿ ಟೀಚರ್

ಕೇಳಿದೆ. ಇನಿಷಿಯಲ್ ಬಿಡಿ, ಪೂರ್ತಿ ಹೆಸರು ಒಂದೇ ಸಲ ಕೊನೆಗೆ ಹೇಳಿ ಎಂದರು.

ಸಂಘದ ಕಾರ್ಯದರ್ಶಿ

ಆಮಂತ್ರಣದಲ್ಲಿ "ಡಾ." ಅಚ್ಚಾಗಿ ಹಂಚಿಯೂ ಆಗಿದೆ. ಫ್ಲೆಕ್ಸಿನಲ್ಲೂ ಇರುತ್ತದೆ. ನೀವು ವೇದಿಕೆಯಲ್ಲಿ "ಶ್ರೀ" ಎಂದರೆ ಜನ ನಿಮ್ಮದೇ ತಪ್ಪು ಎನ್ನುತ್ತಾರೆ. ಅಚ್ಚಾದದ್ದನ್ನೇ ಹೇಳಿಬಿಡಿ, ಯಾರಿಗೆ ನಷ್ಟ?

ವಕೀಲ್ರು ಬಲ್ಮಠ

ಗೊತ್ತಿದ್ದೂ ಹೇಳುವುದಾ? ಫ್ಲೆಕ್ಸ್ ಪ್ರಿಂಟಿಗೆ ಹೋಗಿಲ್ಲದಿದ್ದರೆ ಇವತ್ತೇ ತಿದ್ದಿಸಿ. ಹೋಗಿದ್ದರೆ ಅದೇ ಬಣ್ಣದ ಸ್ಟಿಕ್ಕರ್ ಅಂಟಿಸಿ.

ಮಲ್ಪೆ ಬಂದರು

ಸ್ಟಿಕ್ಕರ್ ಅಂಟಿಸಿದ್ರೆ ಎಲ್ಲರೂ ಅದರ ಕೆಳಗೆ ಎಂತ ಇತ್ತು ಅಂತ ಅದನ್ನೇ ನೋಡೋದು.

ಹಳೇ ಅನೌನ್ಸರ್

ವೇದಿಕೆಯಲ್ಲಿ "ಆಮಂತ್ರಣದಲ್ಲಿ ತಪ್ಪಾಗಿದೆ, ಇವರಿಗೆ ಪಿಎಚ್‌ಡಿ ಇಲ್ಲ" ಎಂದು ಮಾತ್ರ ಹೇಳಬೇಡಿ. ಅದು ತಿದ್ದುಪಡಿ ಅಲ್ಲ, ಮರ್ಯಾದೆ ತೆಗೆಯುವುದು. "ಕರಾವಳಿ ಎಂಜಿನಿಯರ್ ಶ್ರೀ ಇಂಥವರು" ಎಂದು ಸಹಜವಾಗಿ ಹೇಳಿ ಮುಂದೆ ಹೋಗಿ. ವರದಿಗಾರರಿಗೆ ಕೊಡುವ ಚೀಟಿಯಲ್ಲೂ ಹಾಗೇ ಬರೆದುಕೊಡಿ, ಇಲ್ಲದಿದ್ದರೆ ಪೇಪರಿನಲ್ಲಿ ಮತ್ತೆ ಡಾಕ್ಟರ್ ಆಗುತ್ತಾರೆ.

ಕಡಿಯಾಳಿ ಟೀಚರ್

ಸರಿ, ಈಗ ಹೊಸದಾಗಿ ಬರೆದದ್ದು ಇಲ್ಲಿ ಹಾಕುತ್ತೇನೆ. ದಯವಿಟ್ಟು ಬಯ್ಯಿರಿ.

"ಕಲ್ಲು ಹಾಕಿದರೆ ಕಡಲು ನಿಲ್ಲುತ್ತದಾ? ಮಳೆಗಾಲ ಬಂದಾಗಲೆಲ್ಲ ನಮ್ಮ ಕರಾವಳಿಯಲ್ಲಿ ಕೇಳುವ ಪ್ರಶ್ನೆ ಇದು. ಇದಕ್ಕೆ ನಮ್ಮಲ್ಲಿ ಒಬ್ಬೊಬ್ಬರದ್ದು ಒಂದೊಂದು ಉತ್ತರ. ಇವತ್ತಿನ ನಮ್ಮ ಅತಿಥಿಗಳು ಇದೇ ಪ್ರಶ್ನೆಯನ್ನು ಅಳತೆ ಮಾಡಿ ನೋಡುವುದರಲ್ಲಿ ಮೂವತ್ತಾರು ವರ್ಷ ಕಳೆದವರು.

ಪುಣೆ ಹತ್ತಿರದ ಖಡಕ್ವಾಸ್ಲಾದಲ್ಲಿ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಇದೆ. ದೇಶದಲ್ಲಿ ಬಂದರು ಕಟ್ಟುವ ಮೊದಲು ಅದರ ಸಣ್ಣ ಮಾದರಿಯನ್ನು ಅಲ್ಲಿ ಕಟ್ಟಿ, ನೀರು ತುಂಬಿಸಿ, ಯಂತ್ರದಿಂದ ಅಲೆ ಎಬ್ಬಿಸಿ ಪರೀಕ್ಷೆ ಮಾಡುತ್ತಾರೆ. 1985ರಿಂದ 2021ರವರೆಗೆ ಇವರ ಕೆಲಸ ಆ ಅಲೆಗಳ ನಡುವೆ. ಹಿರಿಯ ವಿಜ್ಞಾನಿಯಾಗಿ ನಿವೃತ್ತರಾದರು.

ಇವರು ಹೆಜಮಾಡಿಯವರು. 1983ರಲ್ಲಿ ಸುರತ್ಕಲ್ಲಿನ ಕೆಆರ್‌ಇಸಿ, ಅಂದರೆ ಈಗಿನ ಎನ್‌ಐಟಿಕೆಯಿಂದ ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದರು. ಮುಂದೆ ನೆದರ್ಲ್ಯಾಂಡ್ಸಿನ ಡೆಲ್ಫ್ಟ್‌ನ ಐಎಚ್‌ಇ ಸಂಸ್ಥೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಮಾಡಿದರು. ಈಗ ಊರಿನಲ್ಲೇ ಇದ್ದಾರೆ, ಪುಣೆಯ ಶೆಡ್ಡಿನಲ್ಲಿ ನೋಡಿದ ಅಲೆಯನ್ನು ಮನೆಯ ಹಿಂದೆ ನೋಡುತ್ತಿದ್ದಾರೆ. ಕರಾವಳಿ ಎಂಜಿನಿಯರ್ ಶ್ರೀ …"

ಗಡಿಯಾರ ಇಟ್ಟು ಓದಿದೆ, ಎರಡು ನಿಮಿಷದ ಒಳಗೇ ಮುಗಿಯುತ್ತದೆ.

ಕುಂದಾಪ್ರ ಹುಡ್ಗ

ಲಾಯ್ಕ್ ಆಯ್ತ್. ಈಗ ನಂಗೂ ಬರ್ಕ್ ಅಂತ ಕಾಂತ್.

ಕೆಆರ್‌ಇಸಿ 87

👌 ನಮ್ಮ ಹೆಸರು ಬಂತು, ಇನ್ನೆಂತ ಬೇಕು.

ಹಳೇ ಅನೌನ್ಸರ್

ಚೆನ್ನಾಗಿದೆ. ಎರಡು ಮಾತು. "ದೇಶದಲ್ಲಿ ಬಂದರು ಕಟ್ಟುವ ಮೊದಲು" ಎಂದರೆ ಎಲ್ಲಾ ಬಂದರುಗಳದ್ದೂ ಅಲ್ಲೇ ಪರೀಕ್ಷೆ ಆಗುತ್ತದೆ ಎಂಬ ಅರ್ಥ ಬರುತ್ತದೆ. "ದೇಶದ ಹಲವು ಬಂದರುಗಳ ಸಣ್ಣ ಮಾದರಿಗಳನ್ನು" ಎಂದು ಮಾಡಿ. ಇನ್ನೊಂದು, "ಮನೆಯ ಹಿಂದೆ" ಎಂದು ಅವರೇ ಹೇಳಿದ್ದಾ, ನೀವು ಸೇರಿಸಿದ್ದಾ? ಹೆಜಮಾಡಿಯಲ್ಲಿ ಮನೆ ಇದ್ದ ಮಾತ್ರಕ್ಕೆ ಹಿಂದೆ ಕಡಲು ಇರಬೇಕೆಂದಿಲ್ಲ, ಹೆದ್ದಾರಿ ಬದಿಯೂ ಇರಬಹುದು.

ಗಡಿಯಾರದ ವಿಷಯ: ಮೌನವಾಗಿ ಓದಿದ ಸಮಯ ಲೆಕ್ಕಕ್ಕಿಲ್ಲ. ಮೈಕಿನ ಮುಂದೆ ನಿಧಾನಕ್ಕೆ ಹೇಳಿದರೆ ಕನ್ನಡದಲ್ಲಿ ನಿಮಿಷಕ್ಕೆ ನೂರು ಪದದ ಆಸುಪಾಸು. ಗಟ್ಟಿಯಾಗಿ ಓದಿ ನೋಡಿ.

ಕಡಿಯಾಳಿ ಟೀಚರ್

ಗಟ್ಟಿಯಾಗಿಯೇ ಓದಿದ್ದು ಸರ್, ಮನೆಯವರು ಸಾಕ್ಷಿ. "ಹಲವು ಬಂದರು" ತಿದ್ದಿದೆ. ಮನೆಯ ಹಿಂದಿನ ಕಡಲು ನನ್ನ ಕಲ್ಪನೆ, ಆ ಅರ್ಧ ವಾಕ್ಯ ತೆಗೆದೆ. "ಈಗ ಊರಿನಲ್ಲೇ ಇದ್ದಾರೆ" ಅಷ್ಟೇ ಇಟ್ಟೆ.

ಸಂಘದ ಕಾರ್ಯದರ್ಶಿ

ತಂಡದ ಬಹುಮಾನ ಪೂರ್ತಿ ಬಿಟ್ಟದ್ದು ನನಗೆ ಈಗಲೂ ಸರಿ ಕಾಣುವುದಿಲ್ಲ. "ಇವರಿದ್ದ ತಂಡಕ್ಕೆ ಬಹುಮಾನ ಬಂದಿದೆ" ಎಂದರೆ ಅದು ಸುಳ್ಳಲ್ಲವಲ್ಲ. ಅವರು ಬೇಡ ಎನ್ನುವುದು ವಿನಯ. ನಾವು ಹೇಳುವುದು ಕರ್ತವ್ಯ.

ಹಳೇ ಅನೌನ್ಸರ್

ನೀವು ಹೇಳಿದ ಆ ವಾಕ್ಯ ಸತ್ಯವೇ. ಆದರೆ ಅವರು ಬೇಡ ಎಂದ ಮೇಲೆ ನಾನಾದರೆ ಹೇಳುವುದಿಲ್ಲ.

ಸಂಘದ ಕಾರ್ಯದರ್ಶಿ

ನಾನಾದರೆ ಹೇಳುತ್ತೇನೆ.

ನಿರೂಪಕಿ ಸುರತ್ಕಲ್

ಟೀಚರ್, ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ನಿರೂಪಣೆ ಯಾರದ್ದು? ಅವರಿಗೂ ಸ್ವಾಗತ ಮಾಡುವವರಿಗೂ ಇವತ್ತೇ ಹೇಳಿಡಿ. ನೀವು ಎರಡು ನಿಮಿಷದಲ್ಲಿ ಮುಗಿಸಿದ್ರೂ ಸ್ವಾಗತದವರು ಮೊದಲೇ ಅರ್ಧ ಬಯೋಡಾಟಾ ಹೇಳಿರ್ತಾರೆ, ನಿರೂಪಕರು "ಈಗಷ್ಟೇ ಕೇಳಿದಂತೆ" ಅಂತ ಮತ್ತೊಮ್ಮೆ ಹೇಳ್ತಾರೆ, ಕೊನೆಗೆ ಅಧ್ಯಕ್ಷರು ತಮ್ಮ ಭಾಷಣದಲ್ಲಿ ಮೂರನೇ ಸಲ. ಸ್ವಾಗತದಲ್ಲಿ ಹೆಸರು, ಹೂ, ಅಷ್ಟೇ. ಒಂಬತ್ತು ಪುಟದ ಫೈಲನ್ನು ಯಾರಿಗೂ ಫಾರ್ವರ್ಡ್ ಮಾಡ್ಬೇಡಿ, ನಿಮ್ಮ ಈ ಮೂರು ಪ್ಯಾರಾ ಮಾತ್ರ ಕಳಿಸಿ.

ಕಡಿಯಾಳಿ ಟೀಚರ್

ಅಯ್ಯೋ, ಒಂಬತ್ತು ಪುಟ ವಾಟ್ಸಾಪ್ ಗ್ರೂಪಿನಲ್ಲಿ ಪ್ರಿನ್ಸಿಪಾಲರೇ ಹಾಕಿದ್ದಾರೆ. ಸ್ವಾಗತ ಕೆಮಿಸ್ಟ್ರಿ ಸರ್‌ದು. ಅವರಿಗೆ ಮಾತು ಬೇಡ ಎಂದು ಹೇಳುವುದು ಯಾರು?

ಮಲ್ಪೆ ಬಂದರು

ಕೆಮಿಸ್ಟ್ರಿ ಸರ್‌ಗೆ ಹೂ ಕೊಡುವ ಕೆಲಸ ಮಾತ್ರ ಕೊಡಿ, ಮೈಕ್ ಕೊಡ್ಬೇಡಿ.

ಉಳ್ಳಾಲದವ

ಶನಿವಾರ ಎಷ್ಟು ಗಂಟೆಗೆ? ಹೊರಗಿನವರಿಗೆ ಪ್ರವೇಶ ಉಂಟಾ? ನನ್ನ ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ.

ಕಡಿಯಾಳಿ ಟೀಚರ್

ಹತ್ತೂವರೆಗೆ. ಎಲ್ಲರೂ ಬರಬಹುದು. ಪ್ರಶ್ನೆಗೆ ಇಪ್ಪತ್ತು ನಿಮಿಷ ಉಂಟು, ಆದರೆ ಪ್ರಶ್ನೆ ಎರಡು ನಿಮಿಷ ಮೀರಬಾರದು.

ಪುತ್ತೂರು ಮಾವ

ಹಾಗಾದರೆ ನಮ್ಮ ಭಾವನ ಪದ್ಯ?